ಆಫೀಸಿಗೆ ಗೊತ್ತಾಗದಂತೆ ಸಂದರ್ಶನ: ಕೇಳಬೇಕಾದ ಹೊತ್ತು, ಕೊಡಬೇಕಾದ ವಿಳಾಸ

ಬೇರೆ ಕಡೆ ಕೆಲಸ ನೋಡುತ್ತಿದ್ದೀರಿ ಎಂಬ ಗುಟ್ಟು ರಟ್ಟಾಗಲು ಒಂದು ಮೀಟಿಂಗ್ ಇನ್ವೈಟ್ ಸಾಕು. ಹೊಸ ಕಂಪನಿಯ ಎಚ್‌ಆರ್ ‘ಟೆಕ್ನಿಕಲ್ ರೌಂಡ್ 2’ ಎಂದು ಹೆಸರಿಟ್ಟು ಕಳಿಸಿದ ಇನ್ವೈಟ್ ನಿಮ್ಮ ಆಫೀಸಿನ ಇಮೇಲ್‌ಗೆ ಬಂತು ಎನ್ನಿ. ನೀವು ಅದನ್ನು ಒಪ್ಪಿಕೊಂಡಿಲ್ಲ, ತೆರೆದು ನೋಡಿಯೂ ಇಲ್ಲ. ಆದರೂ ಔಟ್‌ಲುಕ್ ಸಾಮಾನ್ಯವಾಗಿ ಅದನ್ನು ತಾನಾಗಿಯೇ ನಿಮ್ಮ ಕ್ಯಾಲೆಂಡರಿನಲ್ಲಿ ‘ಟೆಂಟೆಟಿವ್’ ಎಂದು ಗುರುತು ಹಾಕಿ ಕೂರಿಸುತ್ತದೆ. ತಂಡದವರೆಲ್ಲರ ಕ್ಯಾಲೆಂಡರ್ ಎಲ್ಲರಿಗೂ ಕಾಣುವ ಆಫೀಸಾದರೆ, ನಿಮ್ಮ ಬಿಡುವಿನ ಹೊತ್ತು ಹುಡುಕುವ ಮ್ಯಾನೇಜರ್ ಕಣ್ಣಿಗೆ ಮೊದಲು ಬೀಳುವುದು ಅದೇ ಹೆಸರು. ಅಲ್ಲಿ ತಪ್ಪಿಸಿಕೊಂಡರೂ ಸಂದರ್ಶನಕ್ಕೆ 15 ನಿಮಿಷ ಇರುವಾಗ ಪರದೆಯ ಮೇಲೆ ರಿಮೈಂಡರ್ ಹೊರಬರುತ್ತದೆ. ಆ ಗಳಿಗೆಯಲ್ಲಿ ನೀವು ಸ್ಕ್ರೀನ್ ಶೇರ್ ಮಾಡಿಕೊಂಡು ತಂಡಕ್ಕೆ ಡೆಮೊ ಕೊಡುತ್ತಿದ್ದರೆ, ಮುಂದಿನದನ್ನು ಯಾರೂ ಹೇಳಬೇಕಾಗಿಲ್ಲ.

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇದರ ಪೆಟ್ಟು ಜೋರಾಗಿ ಬೀಳಲು ಒಂದು ಕಾರಣವಿದೆ. ಇಲ್ಲಿ ಅನೇಕ ಕಡೆ ನೋಟಿಸ್ ಪಿರಿಯಡ್ 90 ದಿನ. ಹುಡುಕಾಟ, ನಾಲ್ಕೈದು ರೌಂಡ್, ಆಫರ್, ಆಮೇಲೆ ಪೇಪರ್ ಹಾಕುವುದು, ಅದರ ಮೇಲೆ ಮೂರು ತಿಂಗಳು. ಎಲ್ಲ ಸೇರಿದರೆ ಅರ್ಧ ವರ್ಷ ಹಳೆಯ ಕುರ್ಚಿಯಲ್ಲೇ ಕೂರಬೇಕಾಗಬಹುದು. ಇದರ ಮೊದಲ ಭಾಗದಲ್ಲಿ, ಅಂದರೆ ಕೈಯಲ್ಲಿ ಆಫರ್ ಇಲ್ಲದ ದಿನಗಳಲ್ಲಿ ಸುದ್ದಿ ಹೊರಬಿದ್ದರೆ ‘ಹೋಗುವವನು’ ಎಂಬ ಹಣೆಪಟ್ಟಿ ಬೀಳುತ್ತದೆ. ಆನ್‌ಸೈಟ್ ಪಟ್ಟಿಯಿಂದ ಹೆಸರು ಸದ್ದಿಲ್ಲದೆ ಜಾರುತ್ತದೆ, ಹೊಸ ಪ್ರಾಜೆಕ್ಟ್ ಬೇರೆಯವರ ಪಾಲಾಗುತ್ತದೆ, ಅಪ್ರೈಸಲ್‌ನಲ್ಲಿ ಹೈಕ್ ಕೈತಪ್ಪುತ್ತದೆ. ಹೊಸ ಕೆಲಸ ಸಿಗದೇ ಹೋದರಂತೂ ಆ ಹಣೆಪಟ್ಟಿ ಹೊತ್ತುಕೊಂಡು ಅದೇ ಮ್ಯಾನೇಜರ್ ಕೈಕೆಳಗೆ ವರ್ಷಗಟ್ಟಲೆ ದುಡಿಯಬೇಕು.

ಬೇರೆ ಕೆಲಸ ಹುಡುಕುವುದು ಅಪರಾಧವಲ್ಲ. ಉದ್ಯೋಗ ಮಾಡುವುದನ್ನೇ ತಡೆಯುವ ಕರಾರು ಆ ಮಟ್ಟಿಗೆ ಊರ್ಜಿತವಲ್ಲ ಎಂದು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಹೇಳುತ್ತದೆ. ಆದರೆ ಕಂಪನಿ ಕೊಟ್ಟ ಲ್ಯಾಪ್‌ಟಾಪ್, ಕಂಪನಿ ಕೊಟ್ಟ ಇಮೇಲ್, ಕಂಪನಿ ಸಂಬಳ ಕೊಡುವ ಗಂಟೆಗಳು ನಿಮ್ಮವಲ್ಲ. ಸೇರುವಾಗ ಓದದೆಯೇ ಸಹಿ ಹಾಕಿದ ಐಟಿ ಪಾಲಿಸಿಯಲ್ಲಿ ‘ಕಂಪನಿಯ ಸಾಧನಗಳ ಬಳಕೆಯನ್ನು ಕಂಪನಿ ಗಮನಿಸಬಹುದು’ ಎಂಬ ಅರ್ಥದ ಒಂದು ಸಾಲು ಬಹುತೇಕ ಇದ್ದೇ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಉದ್ಯೋಗದ ಉದ್ದೇಶಕ್ಕಾಗಿ ಮತ್ತು ಮಾಲೀಕನನ್ನು ನಷ್ಟದಿಂದ ಕಾಪಾಡುವುದಕ್ಕಾಗಿ ನೌಕರರ ಮಾಹಿತಿಯನ್ನು ಪ್ರತ್ಯೇಕ ಒಪ್ಪಿಗೆಯಿಲ್ಲದೆ ಬಳಸಲು 7ನೇ ಕಲಂನಲ್ಲಿ ಅವಕಾಶ ಇಟ್ಟಿದೆ. ಹಾಗಾಗಿ ‘ನನ್ನ ಮೇಲ್ ನೋಡಿದ್ದೇ ತಪ್ಪು’ ಎಂದು ಆಮೇಲೆ ವಾದಿಸಿ ಗೆಲ್ಲುವುದು ಕಷ್ಟ. ಹುಡುಕಾಟದ ಒಂದು ಎಳೆಯೂ ಆಫೀಸಿನ ವಿಳಾಸವನ್ನಾಗಲಿ, ಆಫೀಸಿನ ಹೊತ್ತನ್ನಾಗಲಿ ಮುಟ್ಟದಂತೆ ನೋಡಿಕೊಳ್ಳುವುದೇ ಇರುವ ದಾರಿ.

ವಿಳಾಸ ಒಂದೇ, ಅದು ನಿಮ್ಮದೇ

ಆಫೀಸ್ ಇಮೇಲಿಗೆ ಬಂದದ್ದನ್ನು ಅಳಿಸಿಬಿಟ್ಟರಾಯಿತು ಎಂದು ಬಹಳ ಮಂದಿ ನಂಬಿದ್ದಾರೆ. ಅಳಿಸಿದ್ದು ನಿಮ್ಮ ಪರದೆಯಿಂದ ಮಾತ್ರ ಹೋಗುತ್ತದೆ. ಮೈಕ್ರೊಸಾಫ್ಟ್ 365 ಇರಲಿ, ಗೂಗಲ್ ವರ್ಕ್‌ಸ್ಪೇಸ್ ಇರಲಿ, ಕಂಪನಿ ನಿಗದಿಪಡಿಸಿದ ಅವಧಿಯವರೆಗೆ ಮೇಲ್‌ಗಳನ್ನು ಉಳಿಸಿಕೊಂಡು, ಅಳಿಸಿದ್ದನ್ನೂ ಹುಡುಕಿ ತೆಗೆಯುವ ವ್ಯವಸ್ಥೆ ಎರಡರಲ್ಲೂ ಇದೆ. ದಿನವೂ ಯಾರೋ ಕೂತು ನಿಮ್ಮ ಮೇಲ್ ಓದುತ್ತಾರೆ ಎಂದಲ್ಲ. ಹಾಗೆ ಓದುವುದು ಅಪರೂಪ. ಆದರೆ ಯಾವುದೋ ಬೇರೆ ವಿಷಯಕ್ಕೆ ತನಿಖೆ ನಡೆದಾಗ, ಅಥವಾ ನೀವು ಹೊರಡುವಾಗ ತಕರಾರು ಎದ್ದಾಗ, ಅಲ್ಲಿರುವುದೆಲ್ಲ ಹೊರಬರುತ್ತದೆ.

ಆದ್ದರಿಂದ ಹುಡುಕಾಟಕ್ಕೆಂದೇ ಒಂದು ಜಿಮೇಲ್ ವಿಳಾಸ ಮಾಡಿಕೊಳ್ಳುವುದು ಒಳ್ಳೆಯದು. ನಿಮ್ಮ ಹೆಸರು ಮತ್ತು ಇನಿಷಿಯಲ್ ಇದ್ದರೆ ಸಾಕು. ಕಾಲೇಜಿನ ದಿನಗಳ ಅಡ್ಡಹೆಸರಿನ ವಿಳಾಸ ಬೇಡ. ಇದರ ರಿಕವರಿ ಇಮೇಲ್ ಜಾಗದಲ್ಲಿ ಆಫೀಸಿನ ವಿಳಾಸ ಇರಬಾರದು. ಎಷ್ಟೋ ಸಲ ಅಭ್ಯಾಸಬಲದಿಂದ ಅದನ್ನೇ ತುಂಬಿರುತ್ತೇವೆ. ಲಿಂಕ್ಡ್‌ಇನ್ ಮತ್ತು ನೌಕ್ರಿ ಖಾತೆಗಳ ಸೆಟಿಂಗ್ಸ್ ತೆರೆದು ಅಲ್ಲಿ ಯಾವ ವಿಳಾಸ ಇದೆ ಎಂದು ನೋಡಿ. ಕಂಪನಿ ಸೇರಿದ ಹೊಸದರಲ್ಲಿ ಯಾವುದೋ ಟ್ರೇನಿಂಗ್‌ಗೆಂದು ಆಫೀಸ್ ವಿಳಾಸ ಸೇರಿಸಿದ್ದು ಇನ್ನೂ ಅಲ್ಲೇ ಕೂತಿರಬಹುದು. ನೌಕ್ರಿಯಲ್ಲಿ ನಿಮ್ಮ ಪ್ರೊಫೈಲ್ ಯಾವ ಕಂಪನಿಗೆ ಕಾಣಬಾರದು ಎಂದು ಹೆಸರು ಕೊಟ್ಟು ತಡೆಯಬಹುದು. ಆಗ ಈಗಿನ ಕಂಪನಿಯ ಜೊತೆಗೆ ಅದರ ಅಂಗಸಂಸ್ಥೆಗಳ ಹೆಸರನ್ನೂ ಕೊಡಬೇಕು. ಲಿಂಕ್ಡ್‌ಇನ್‌ನಲ್ಲಿ ‘ಓಪನ್ ಟು ವರ್ಕ್’ ಎಂಬುದನ್ನು ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಡಬಹುದು. ಫೋಟೊ ಸುತ್ತ ಹಸಿರು ಪಟ್ಟಿ ಬರುವುದು ಎಲ್ಲರಿಗೂ ಕಾಣುವಂತೆ ಇಟ್ಟಾಗ. ಆದರೆ ನಿಮ್ಮ ಕಂಪನಿಯ ರಿಕ್ರೂಟರ್‌ಗೆ ಇದು ಖಂಡಿತ ಕಾಣುವುದಿಲ್ಲ ಎಂದು ಲಿಂಕ್ಡ್‌ಇನ್ ಸಹ ಪೂರ್ಣ ಭರವಸೆ ಕೊಡುವುದಿಲ್ಲ ಎಂಬುದು ನೆನಪಿರಲಿ.

ಇನ್ನು ಹೆಚ್ಚಿನವರು ಎಡವುವುದು ಸ್ವಂತ ಇಮೇಲನ್ನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ತೆರೆಯುವ ಕಡೆ. ವಿಳಾಸ ಸ್ವಂತದ್ದಾದರೂ ಯಂತ್ರ ಕಂಪನಿಯದು. ರೆಸ್ಯೂಮೆಯ ಪಾಡನ್ನೇ ನೋಡಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅದನ್ನು ತಿದ್ದಿ ಡೆಸ್ಕ್‌ಟಾಪ್ ಮೇಲೆ ಉಳಿಸುತ್ತೀರಿ. ಬಹಳಷ್ಟು ಕಂಪನಿಗಳು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಒನ್‌ಡ್ರೈವ್‌ಗೆ ತಾವಾಗಿಯೇ ನಕಲಾಗುವಂತೆ ಇಟ್ಟಿರುತ್ತವೆ. ಹಾಗಾಗಿ ನೀವು ಉಳಿಸಿದ ಕೆಲವೇ ಕ್ಷಣಗಳಲ್ಲಿ ನಿಮ್ಮ ರೆಸ್ಯೂಮೆ ಕಂಪನಿಯ ಕ್ಲೌಡ್ ಸೇರಿರುತ್ತದೆ. ಅಷ್ಟೇ ಅಲ್ಲ, ಆಫೀಸಿನ ವರ್ಡ್‌ನಲ್ಲಿ ಮಾಡಿದ ಕಡತದ ‘ಪ್ರಾಪರ್ಟೀಸ್’ ತೆರೆದರೆ ಲೇಖಕರ ಹೆಸರಿನ ಜೊತೆ ಕಂಪನಿಯ ಹೆಸರೂ ಇರಬಹುದು. ಅದನ್ನು ಹಾಗೆಯೇ ಹೊರಗೆ ಕಳಿಸಿದರೆ, ಆಫೀಸ್ ಯಂತ್ರದಲ್ಲಿ ಕೂತು ರೆಸ್ಯೂಮೆ ಬರೆದಿದ್ದೀರಿ ಎಂದು ಹೊಸ ಕಂಪನಿಗೂ ತಿಳಿಯುತ್ತದೆ. ರೆಸ್ಯೂಮೆಯನ್ನು ಮನೆಯ ಕಂಪ್ಯೂಟರಿನಲ್ಲಿ, ಇಲ್ಲವೇ ಸ್ವಂತ ಫೋನಿನಲ್ಲಿ ಗೂಗಲ್ ಡಾಕ್ಸ್‌ನಲ್ಲಿ ಮಾಡಿ. ಆಫೀಸಿನ ವೈಫೈ ಬದಲು ಮೊಬೈಲ್ ಡೇಟಾ ಬಳಸಿ. ವೈಫೈನಲ್ಲಿ ನಿಮ್ಮ ಫೋನಿನ ಮೇಲ್‌ನ ಒಳಗಿನ ಮಾತು ಕಾಣದಿದ್ದರೂ ಯಾವ ಜಾಲತಾಣಕ್ಕೆ ಹೋದಿರಿ ಎಂಬುದು ದಾಖಲಾಗಬಹುದು.

ಫೋನಿನ ಕ್ಯಾಲೆಂಡರಿನಲ್ಲೂ ಒಂದು ತೊಡಕಿದೆ. ಆಫೀಸಿನ ಖಾತೆಯೂ ಸ್ವಂತ ಖಾತೆಯೂ ಒಂದೇ ಫೋನಿನಲ್ಲಿ ಇದ್ದಾಗ ಎರಡೂ ಕ್ಯಾಲೆಂಡರ್ ಒಂದೇ ಪುಟದಲ್ಲಿ ಬೆರೆತು ಕಾಣುತ್ತವೆ. ಫೋನಿನಲ್ಲಿ ಬಂದ ಮಾತಿಗೆ ಒಪ್ಪಿ ನೀವೇ ಕೈಯಾರೆ ‘ಶನಿವಾರ ಇಂಟರ್‌ವ್ಯೂ’ ಎಂದು ಬರೆದಿಟ್ಟುಕೊಳ್ಳುತ್ತೀರಿ. ಫೋನಿನ ಡೀಫಾಲ್ಟ್ ಕ್ಯಾಲೆಂಡರ್ ಆಫೀಸಿನದಾಗಿದ್ದರೆ ಅದು ಹೋಗಿ ಕೂರುವುದು ಆಫೀಸಿನ ಸರ್ವರ್‌ನಲ್ಲಿ. ಉಳಿಸುವ ಮುನ್ನ ಖಾತೆಯ ಹೆಸರು ಯಾವುದಿದೆ ಎಂದು ನೋಡಲು ಎರಡು ಕ್ಷಣ ಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಕಂಪನಿಯ ಆ್ಯಪ್‌ಗಳು ಬ್ರೀಫ್‌ಕೇಸ್ ಗುರುತಿನ ‘ವರ್ಕ್ ಪ್ರೊಫೈಲ್’ ಒಳಗೆ ಇದ್ದರೆ ಅಷ್ಟರಮಟ್ಟಿಗೆ ನಿಶ್ಚಿಂತೆ. ಆ ಗೋಡೆಯ ಈಚೆಗಿನ ನಿಮ್ಮ ಸ್ವಂತ ಆ್ಯಪ್‌ಗಳ ಒಳಗಿನ ಮಾಹಿತಿ ಕಂಪನಿಗೆ ಕಾಣುವುದಿಲ್ಲ.

ಸ್ಲಾಟ್ ಕೇಳುವುದು ಹೇಗೆ

ವಿಳಾಸದ ಮಾತು ಮುಗಿಯಿತು. ಹೊತ್ತಿನದು ಇದಕ್ಕಿಂತ ಸೂಕ್ಷ್ಮ. ಏಕೆಂದರೆ ಇಲ್ಲಿ ಇನ್ನೊಬ್ಬರನ್ನು ಕೇಳಬೇಕು, ಮತ್ತು ಕೇಳಲು ಹಲವರಿಗೆ ಸಂಕೋಚ. ‘ಅಭ್ಯರ್ಥಿಯಾಗಿ ನಾನು ಹೊತ್ತು ಹೇಳುವುದು ಉದ್ಧಟತನವಾದೀತೇ, ಆಸಕ್ತಿ ಇಲ್ಲ ಎಂದುಕೊಂಡಾರೇ’ ಎಂಬ ಅಳುಕು. ಬೆಂಗಳೂರಿನ ರಿಕ್ರೂಟರ್‌ಗಳಿಗೆ ಇದು ದಿನನಿತ್ಯದ ಮಾತು. ಅವರು ಮಾತಾಡುವ ಅನುಭವಿ ಅಭ್ಯರ್ಥಿಗಳಲ್ಲಿ ಹೆಚ್ಚಿನವರು ಈಗಾಗಲೇ ಎಲ್ಲಾದರೂ ಕೆಲಸದಲ್ಲಿ ಇರುವವರೇ. ಶನಿವಾರಗಳಂದು ನೇಮಕಾತಿ ಡ್ರೈವ್‌ಗಳನ್ನು ಇಡುವುದೂ ಅದಕ್ಕೇ.

ಕೇಳಬೇಕಾದ್ದು ಮೊದಲ ಕರೆಯಲ್ಲೇ. ರೌಂಡ್ ನಿಗದಿಯಾದ ಮೇಲೆ ಬದಲಿಸಿ ಎಂದರೆ ಪ್ಯಾನೆಲ್‌ನಲ್ಲಿರುವ ಎಂಜಿನಿಯರ್‌ಗಳ ಹೊತ್ತನ್ನೂ ಕದಡಿದಂತಾಗುತ್ತದೆ. ‘ಆಫೀಸ್ ಮುಗಿದ ಮೇಲೆ ಯಾವಾಗಲಾದರೂ’ ಎಂದರೆ ಉಪಯೋಗವಿಲ್ಲ. ರಿಕ್ರೂಟರ್‌ಗೆ ಬೇಕಾದ್ದು ದಿನ ಮತ್ತು ಗಂಟೆ. ಎರಡು ಮೂರು ಸ್ಲಾಟ್‌ಗಳನ್ನು ತಾರೀಖಿನ ಸಮೇತ ಕೊಟ್ಟರೆ ಅವರು ಪ್ಯಾನೆಲ್ ಮುಂದೆ ನೇರವಾಗಿ ಇಡಬಹುದು. ಕಾರಣ ಒಂದೇ ವಾಕ್ಯದಲ್ಲಿ ಇರಲಿ: ‘ಈಗ ಕೆಲಸದಲ್ಲಿ ಇದ್ದೇನೆ, ಆ ಗಂಟೆಗಳನ್ನು ಬಿಟ್ಟು ಮಾತಾಡಲು ಇಷ್ಟಪಡುತ್ತೇನೆ.’ ಇದಕ್ಕಿಂತ ಹೆಚ್ಚು ವಿವರಣೆ ಬೇಡ, ಕ್ಷಮೆ ಕೇಳುವುದೂ ಬೇಡ.

ಎಲ್ಲ ಹೊತ್ತೂ ಎಲ್ಲ ರೌಂಡ್‌ಗೂ ಹೊಂದುವುದಿಲ್ಲ. ಕೋಡಿಂಗ್ ಅಥವಾ ಡಿಸೈನ್ ರೌಂಡ್ ಎಂದರೆ ಹೆಚ್ಚುಕಡಿಮೆ ಒಂದು ಗಂಟೆಯ ತಲೆಬಿಸಿ. ದಿನವಿಡೀ ದುಡಿದು, ಔಟರ್ ರಿಂಗ್ ರೋಡಿನ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕೂತು, ರಾತ್ರಿ 9ಕ್ಕೆ ಅದನ್ನು ಎದುರಿಸಿದರೆ ನಿಮಗೆ ಗೊತ್ತಿರುವುದೂ ಬಾಯಿಗೆ ಬರುವುದಿಲ್ಲ. ನನ್ನ ಮಟ್ಟಿಗೆ ತಾಂತ್ರಿಕ ರೌಂಡ್‌ಗಳಿಗೆ ಬೆಳಗಿನ 8 ಗಂಟೆ ಇಲ್ಲವೇ ಶನಿವಾರವೇ ಸರಿ. ಎಚ್‌ಆರ್ ಜೊತೆಗಿನ ಸಂಬಳದ ಮಾತುಕತೆ ಸಂಜೆ ಆದರೂ ನಡೆಯುತ್ತದೆ. ಸಂಜೆಯ ಸ್ಲಾಟ್ ಕೊಡುವಾಗ ಮನೆ ಮುಟ್ಟುವ ಹೊತ್ತಿಗೆ ಮೇಲೆ ಮುಕ್ಕಾಲು ಗಂಟೆ ಸೇರಿಸಿ. ಮಳೆ ಬಂದ ಸಂಜೆ ಸಹೋದ್ಯೋಗಿಗಳ ಜೊತೆ ಕ್ಯಾಬಿನಲ್ಲಿ ಸಿಕ್ಕಿಹಾಕಿಕೊಂಡಿರುವಾಗ ರಿಕ್ರೂಟರ್ ಕರೆ ಬಂದರೆ ಎತ್ತಿಕೊಂಡರೂ ಕಷ್ಟ, ಬಿಟ್ಟರೂ ಕಷ್ಟ.

ಒಂದು ಉದಾಹರಣೆಯನ್ನೇ ಬಿಡಿಸಿ ನೋಡೋಣ. ಇದು ಕಲ್ಪಿಸಿಕೊಂಡದ್ದು, ಆದರೆ ಇದರ ಪ್ರತಿಯೊಂದು ತುಂಡೂ ಈ ಊರಿನಲ್ಲಿ ನಡೆಯುವಂಥದ್ದು. ನಾಗವಾರದ ಬಳಿಯ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಏಳು ವರ್ಷ ಅನುಭವದ ಟೆಸ್ಟಿಂಗ್ ಎಂಜಿನಿಯರ್ ಒಬ್ಬಳಿದ್ದಾಳೆ. ಮನೆ ಸಹಕಾರನಗರದಲ್ಲಿ. ಮಂಗಳ, ಬುಧ, ಗುರುವಾರ ಆಫೀಸಿಗೆ ಹೋಗಬೇಕು, ಉಳಿದೆರಡು ದಿನ ಮನೆಯಿಂದ. ದಿನವೂ ಬೆಳಿಗ್ಗೆ 10ಕ್ಕೆ ಸ್ಟ್ಯಾಂಡ್‌ಅಪ್. ಸೋಮವಾರ ಮತ್ತು ಗುರುವಾರ ಅಮೆರಿಕದ ಕ್ಲೈಂಟ್ ಜೊತೆಗಿನ ಕರೆ ರಾತ್ರಿ 8.30ರವರೆಗೆ ನಡೆಯುತ್ತದೆ. ಹೊಸ ಕಂಪನಿಯಲ್ಲಿ ಅವಳನ್ನು ಮಾತಾಡಿಸಬೇಕಾದವರು ಮೂವರು. ಎಚ್‌ಆರ್ ಬೆಂಗಳೂರಿನಲ್ಲೇ. ಟೀಮ್ ಲೀಡ್ ಸಿಂಗಪುರದಲ್ಲಿ. ಡೈರೆಕ್ಟರ್ ನ್ಯೂಯಾರ್ಕಿನಲ್ಲಿ.

ಅವಳು ಮೊದಲು ತನ್ನ ವಾರವನ್ನು ಕಾಗದದ ಮೇಲೆ ಬರೆದುಕೊಂಡಳು. ಸೋಮವಾರ, ಗುರುವಾರದ ಸಂಜೆಗಳು ಹೋದವು. ಆಫೀಸಿಗೆ ಹೋಗುವ ದಿನ ಬೆಳಿಗ್ಗೆ 9ಕ್ಕೆ ಮನೆ ಬಿಡಬೇಕು. ಅಂದರೆ ಬೆಳಿಗ್ಗೆ 7.30ರಿಂದ 8.30 ಯಾವ ದಿನವಾದರೂ ಅವಳದೇ. ಶುಕ್ರವಾರ ಸಂಜೆ 7.30ರ ನಂತರ ಅವಳದು. ಶನಿವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಅವಳದು. ಮೇಲ್ನೋಟಕ್ಕೆ ಕಡಿಮೆ ಎನಿಸಿದರೂ ದೇಶಗಳ ಗಡಿಯಾರ ಇಲ್ಲಿ ನೆರವಿಗೆ ಬರುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ನಮ್ಮ ಬೆಳಗಿನ 7.30 ಅಲ್ಲಿ 10 ಗಂಟೆ, ಟೀಮ್ ಲೀಡ್‌ಗೆ ಹದವಾದ ಹೊತ್ತು. ನ್ಯೂಯಾರ್ಕ್ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ನಮ್ಮ ಶುಕ್ರವಾರ ಸಂಜೆ 7.30 ಅಲ್ಲಿ ಬೆಳಗಿನ 10. ನಮ್ಮ ಆಫೀಸಿನ ಹೊತ್ತಿನ ಹೊರಗಿರುವುದು ಅವರ ಆಫೀಸಿನ ಹೊತ್ತಿನ ಒಳಗೇ ಬೀಳುತ್ತದೆ. ಹೊರದೇಶದ ಪ್ಯಾನೆಲ್ ಇರುವ ಕಂಪನಿಗಳಲ್ಲಿ ಇಂಥ ಸ್ಲಾಟ್ ಕೇಳಿದರೆ ಯಾರಿಗೂ ತೊಂದರೆ ಕೊಟ್ಟಂತೆ ಆಗುವುದಿಲ್ಲ. ಸಂಜೆ 7.30 ಆಗಿದ್ದರೆ ಲಂಡನ್‌ನವರಿಗೂ ಮಧ್ಯಾಹ್ನವೇ.

ಒಂದು ಎಚ್ಚರಿಕೆ: ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುತ್ತಾರೆ. ಆ ವಾರಗಳ ಆಸುಪಾಸಿನಲ್ಲಿ ಬಾಯಿಮಾತಿನಲ್ಲಿ ಒಪ್ಪಿದ ಹೊತ್ತು ಒಂದು ಗಂಟೆ ತಪ್ಪಬಹುದು. ಅದಕ್ಕೇ ಅವಳು ಪ್ರತಿ ಸ್ಲಾಟಿನ ಮುಂದೆ ಭಾರತೀಯ ಕಾಲಮಾನ ಎಂದು ಬರೆದಳು.

ಅವಳು ತನ್ನ ಜಿಮೇಲ್‌ನಿಂದ ಕಳಿಸಿದ ಮೇಲ್ ಇಂಗ್ಲಿಷಿನಲ್ಲಿತ್ತು. ಅದರ ಸಾರ ಇಷ್ಟು:

‘ನಮಸ್ಕಾರ ಮೇಡಂ. ಕರೆ ಮಾಡಿದ್ದಕ್ಕೆ ಧನ್ಯವಾದ. ಮುಂದಿನ ರೌಂಡ್‌ಗೆ ನನಗೆ ಒದಗುವ ಹೊತ್ತು: ಮಂಗಳವಾರ ಅಥವಾ ಬುಧವಾರ ಬೆಳಿಗ್ಗೆ 7.30ರಿಂದ 8.30, ಶುಕ್ರವಾರ ಸಂಜೆ 7.30ರಿಂದ 8.30, ಶನಿವಾರ ಬೆಳಿಗ್ಗೆ 10ರಿಂದ ಮಧ್ಯಾಹ್ನ 1. ಎಲ್ಲವೂ ಭಾರತೀಯ ಕಾಲಮಾನ. ಈಗ ಕೆಲಸದಲ್ಲಿ ಇರುವುದರಿಂದ ವಾರದ ದಿನಗಳಲ್ಲಿ ಬೆಳಿಗ್ಗೆ 9ರಿಂದ ಸಂಜೆ 7ರವರೆಗೆ ಕರೆ ತೆಗೆದುಕೊಳ್ಳಲು ಆಗುವುದಿಲ್ಲ, ವಾಟ್ಸ್‌ಆ್ಯಪ್ ಸಂದೇಶ ಕಳಿಸಿದರೆ ಸಂಜೆ ಉತ್ತರಿಸುತ್ತೇನೆ. ಇನ್ವೈಟ್ ಮತ್ತು ಎಲ್ಲ ಪತ್ರಗಳನ್ನು ಈ ವಿಳಾಸಕ್ಕೆ ಮಾತ್ರ ಕಳಿಸಿ. ನಿಮ್ಮ ದಾಖಲೆಯಲ್ಲಿ ನನ್ನ ಬೇರೆ ಇಮೇಲ್ ಇದ್ದರೆ ದಯವಿಟ್ಟು ತೆಗೆದುಹಾಕಿ. ಆಫರ್ ಬಂದು ನಾನು ರಾಜೀನಾಮೆ ಕೊಡುವವರೆಗೆ ಈಗಿನ ಕಂಪನಿಯನ್ನು ಸಂಪರ್ಕಿಸಬೇಡಿ.’

ಕೊನೆಯ ಮೂರು ವಾಕ್ಯಗಳನ್ನು ಬರೆಯುವವರು ಕಡಿಮೆ, ಅವೇ ಮುಖ್ಯ. ‘ಬೇರೆ ಇಮೇಲ್ ಇದ್ದರೆ’ ಎಂಬ ಮಾತು ಏಕೆ ಬೇಕಾಯಿತು ಎಂಬುದು ಎರಡನೇ ರೌಂಡ್‌ನಲ್ಲಿ ಗೊತ್ತಾಯಿತು. ಮೊದಲ ಇನ್ವೈಟ್ ಜಿಮೇಲ್‌ಗೇ ಬಂದಿತ್ತು. ಎರಡನೆಯದನ್ನು ಕಳಿಸಿದ್ದು ಬೇರೆ ಊರಿನ ಸಂಯೋಜಕಿ. ಎರಡು ವರ್ಷದ ಹಿಂದೆ ಇದೇ ಕಂಪನಿಯ ವೆಬಿನಾರ್ ಒಂದಕ್ಕೆ ಅವಳು ಆಫೀಸ್ ವಿಳಾಸ ಕೊಟ್ಟು ಹೆಸರು ನೋಂದಾಯಿಸಿದ್ದಳು. ಸಂಯೋಜಕಿ ಹೆಸರು ಟೈಪ್ ಮಾಡಿದಾಗ ಆ ಹಳೆಯ ವಿಳಾಸ ತಾನಾಗಿಯೇ ತುಂಬಿಕೊಂಡಿತು. ತಿದ್ದುಪಡಿ ಮೊದಲ ಎಚ್‌ಆರ್‌ಗೆ ತಲುಪಿತ್ತು, ವ್ಯವಸ್ಥೆಗೆ ತಲುಪಿರಲಿಲ್ಲ.

ಹೀಗಾದಾಗ ಗಾಬರಿಯಲ್ಲಿ ಮಾಡುವ ಮೊದಲ ಕೆಲಸವೇ ತಪ್ಪಾಗುತ್ತದೆ: ಆಫೀಸ್ ಮೇಲ್‌ನಿಂದಲೇ ‘ಈ ವಿಳಾಸಕ್ಕೆ ಕಳಿಸಬೇಡಿ’ ಎಂದು ಉತ್ತರ ಬರೆಯುವುದು. ಅಲ್ಲಿಯವರೆಗೆ ಅದು ಯಾರೋ ಕಳಿಸಿದ ಮೇಲ್ ಆಗಿತ್ತು, ಉತ್ತರ ಬರೆದ ಕ್ಷಣ ನಿಮ್ಮ ವ್ಯವಹಾರ ಆಗುತ್ತದೆ. ‘ಅಕ್ಸೆಪ್ಟ್’ ಒತ್ತುವುದೂ ಬೇಡ, ‘ಡಿಕ್ಲೈನ್’ ಒತ್ತುವುದೂ ಬೇಡ. ಮೊದಲು ಕ್ಯಾಲೆಂಡರಿನಿಂದ ಅದನ್ನು ಉತ್ತರ ಕಳಿಸದೆ ತೆಗೆಯಬೇಕು, ಏಕೆಂದರೆ ಎಲ್ಲರಿಗೂ ಕಾಣುವುದು ಅದೇ. ಆಮೇಲೆ ಮೇಲ್ ಅಳಿಸಬೇಕು. ನಂತರ ಸ್ವಂತ ಫೋನಿನಿಂದ, ಸ್ವಂತ ವಿಳಾಸದಿಂದ ಸಂಯೋಜಕಿಗೂ ಎಚ್‌ಆರ್‌ಗೂ ಒಟ್ಟಿಗೆ ಬರೆದು, ಹಳೆಯ ವಿಳಾಸ ತೆಗೆದು ಹೊಸ ಇನ್ವೈಟ್ ಕಳಿಸಲು ಕೇಳಬೇಕು. ಅವರು ಹಳೆಯದನ್ನು ರದ್ದು ಮಾಡಿದಾಗ ‘ಕ್ಯಾನ್ಸಲ್ಡ್’ ಎಂಬ ಇನ್ನೊಂದು ಸೂಚನೆ ಮತ್ತೆ ಆಫೀಸ್ ಪೆಟ್ಟಿಗೆಗೇ ಬರುತ್ತದೆ. ಅದಕ್ಕಾಗಿ ಕಾದಿದ್ದು ಅದನ್ನೂ ತೆಗೆಯಬೇಕು. ಸರ್ವರ್‌ನಲ್ಲಿ ಗುರುತು ಉಳಿಯುತ್ತದೆ ಎಂಬುದು ನಿಜ. ಆದರೆ ಸಹೋದ್ಯೋಗಿಗಳ ಕಣ್ಣಿಗೆ ಬೀಳುವುದು ತಪ್ಪುತ್ತದೆ, ಬಹುಪಾಲು ಸಂದರ್ಭಗಳಲ್ಲಿ ಅಪಾಯ ಇರುವುದೂ ಅಲ್ಲೇ.

ಸಂದರ್ಶನದ ದಿನ ಬಂತು. ಲಿಂಕ್ ಟೀಮ್ಸ್‌ನದು. ಅದನ್ನು ಆಫೀಸ್ ಲ್ಯಾಪ್‌ಟಾಪಿನಲ್ಲಿ ಒತ್ತಿದರೆ ಈಗಾಗಲೇ ಲಾಗಿನ್ ಆಗಿರುವ ಕಂಪನಿಯ ಖಾತೆಯಿಂದಲೇ ತೆರೆದುಕೊಳ್ಳಬಹುದು. ಆಗ ಎದುರಿನವರಿಗೆ ನಿಮ್ಮ ಹೆಸರಿನ ಜೊತೆ ಕಂಪನಿಯ ಗುರುತು ಕಾಣುತ್ತದೆ, ಇತ್ತ ಕಂಪನಿಯ ಕಡೆ ಆ ಕರೆಯ ದಾಖಲೆ ಉಳಿಯುತ್ತದೆ. ಝೂಮ್‌ನಲ್ಲೂ ಇದೇ ಕಥೆ. ಸ್ವಂತ ಲ್ಯಾಪ್‌ಟಾಪ್ ಇಲ್ಲದಿದ್ದರೆ ಗೆಳೆಯರದು ಎರವಲು ತನ್ನಿ, ಅದೂ ಆಗದಿದ್ದರೆ ಫೋನನ್ನು ಪುಸ್ತಕಕ್ಕೆ ಒರಗಿಸಿ ಕೂತರೂ ಸರಿ. ಬ್ರೌಸರಿನಲ್ಲಿ ‘ಗೆಸ್ಟ್’ ಆಗಿ ಹೆಸರು ಟೈಪ್ ಮಾಡಿ ಸೇರಿಕೊಳ್ಳಬಹುದು. ಹಿಂದಿನ ದಿನವೇ ಒಮ್ಮೆ ಮೈಕ್ ಮತ್ತು ಕ್ಯಾಮೆರಾ ಪರೀಕ್ಷಿಸಿ. ಪಿಜಿಯಲ್ಲಿ ಇರುವವರಿಗೆ ಜಾಗದ್ದೇ ತೊಂದರೆ. ಒಂದೇ ಕೋಣೆಯಲ್ಲಿ ಒಂದೇ ಕಂಪನಿಯವರು ಇರುವುದು ಈ ಊರಿನಲ್ಲಿ ಸಾಮಾನ್ಯ. ಅಂಥವರಿಗೆ ಶನಿವಾರ ಬೆಳಗಿನ ಸ್ಲಾಟ್ ಕೇಳಿ ನೆಂಟರ ಮನೆಯಲ್ಲೋ ಗೆಳತಿಯ ಮನೆಯಲ್ಲೋ ಕೂರುವುದು ಮೇಲು.

ಫೋನ್ ಕರೆಗಳದು ಬೇರೆ ಕಾಟ. ಕನ್ಸಲ್ಟೆನ್ಸಿಯವರು ಬೆಳಿಗ್ಗೆ 11ಕ್ಕೇ ಕರೆ ಮಾಡುತ್ತಾರೆ. ಫೋನ್ ಮೇಜಿನ ಮೇಲೆ ಅಂಗಾತ ಮಲಗಿದ್ದರೆ ಟ್ರೂಕಾಲರ್ ದೊಡ್ಡ ಅಕ್ಷರದಲ್ಲಿ ಇಂಥ ಕನ್ಸಲ್ಟೆನ್ಸಿ, ಎಚ್‌ಆರ್ ಎಂದು ಪಕ್ಕದವರಿಗೂ ತೋರಿಸುತ್ತದೆ. ಎದ್ದು ಮೆಟ್ಟಿಲ ಕಡೆಗೆ ಓಡುವುದು ವಾರಕ್ಕೆ ನಾಲ್ಕು ಸಲ ನಡೆದರೆ ಯಾರೂ ಏನೂ ಕೇಳದೆಯೇ ಅರ್ಥ ಮಾಡಿಕೊಳ್ಳುತ್ತಾರೆ. ಕರೆ ಕಡಿದು, ‘7.30ರ ನಂತರ ಮಾತಾಡುತ್ತೇನೆ’ ಎಂದು ಸಿದ್ಧವಾಗಿಟ್ಟುಕೊಂಡ ಸಂದೇಶ ಕಳಿಸಿ. ಆಫೀಸ್ ಲ್ಯಾಪ್‌ಟಾಪಿನಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿಟ್ಟಿದ್ದರೆ ಮುಚ್ಚಿ. ಕನ್ಸಲ್ಟೆನ್ಸಿಗೆ ಇನ್ನೊಂದು ಮಾತನ್ನು ಬರೆದೇ ತಿಳಿಸಬೇಕು: ನನ್ನನ್ನು ಕೇಳದೆ ರೆಸ್ಯೂಮೆಯನ್ನು ಯಾವ ಕಂಪನಿಗೂ ಕಳಿಸಬೇಡಿ ಎಂದು. ನಿಮ್ಮ ಕಂಪನಿಗೂ ಜನ ಹುಡುಕಿಕೊಡುವುದು ಅದೇ ಕನ್ಸಲ್ಟೆನ್ಸಿ ಆಗಿದ್ದರೆ ರೆಸ್ಯೂಮೆ ತಿರುಗಿ ನಿಮ್ಮದೇ ಎಚ್‌ಆರ್ ಮೇಜಿಗೆ ಬರಬಹುದು.

ಸ್ಲಾಟ್ ಸಿಗದಿದ್ದರೆ

ಎಷ್ಟು ಕೇಳಿದರೂ ವಾರದ ಮಧ್ಯೆ ಹಗಲು ಹೊತ್ತಿನಲ್ಲೇ ಬರಬೇಕೆಂಬ ಕಂಪನಿಗಳಿವೆ. ಮುಖಾಮುಖಿ ಕೊನೆಯ ರೌಂಡ್ ಆದರೆ ಅದು ನ್ಯಾಯವೇ. ಆಗ ಉಳಿದ ರೌಂಡ್‌ಗಳನ್ನೂ ಅದೇ ದಿನಕ್ಕೆ ಸೇರಿಸಿ ಎಂದು ಕೇಳಿ, ಒಂದು ದಿನದ ರಜೆ ಹಾಕಿ. ರಜೆಯ ಅರ್ಜಿಯಲ್ಲಿ ‘ವೈಯಕ್ತಿಕ ಕೆಲಸ’ ಎಂದರೆ ಸಾಕು, ಅದು ಸುಳ್ಳಲ್ಲ. ಅಜ್ಜಿಗೆ ಹುಷಾರಿಲ್ಲ, ಹಲ್ಲುನೋವು ಎಂದೆಲ್ಲ ಕಟ್ಟಿದ ಕಥೆಗಳಿಗೆ ನಾಳೆ ‘ಈಗ ಹೇಗಿದ್ದಾರೆ’ ಎಂಬ ಪ್ರಶ್ನೆ ಬರುತ್ತದೆ, ಉತ್ತರಕ್ಕೆ ಇನ್ನೊಂದು ಸುಳ್ಳು ಬೇಕಾಗುತ್ತದೆ. ಮನೆಯಿಂದ ಕೆಲಸ ಮಾಡುವ ದಿನ ಮಧ್ಯಾಹ್ನ 3ಕ್ಕೆ ‘ಅವೇ’ ಎಂದು ಸ್ಥಿತಿ ಬದಲಿಸಿ ಸಂದರ್ಶನಕ್ಕೆ ಕೂರುವವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಗಂಟೆಗೆ ಸಂಬಳ ಪಡೆದಿದ್ದೀರಿ. ಮುಂದೆ ತಕರಾರು ಎದ್ದರೆ ಕಂಪನಿಯ ಕೈಗೆ ಸಿಗುವ ಒಂದೇ ನ್ಯಾಯವಾದ ದೂರು ಅದೇ ಆಗಿರುತ್ತದೆ. ಸ್ವಂತ ಹೊತ್ತಿನಲ್ಲಿ, ಸ್ವಂತ ಯಂತ್ರದಲ್ಲಿ ನಡೆಸಿದ ಹುಡುಕಾಟದ ಬಗ್ಗೆ ಯಾರೂ ಬೆರಳು ತೋರಿಸಲಾಗದು.

ಈ ಗುಟ್ಟಿನ ದಾರಿ ಎಲ್ಲರಿಗೂ ತೆರೆದಿಲ್ಲ. ಸರ್ಕಾರಿ ನೌಕರರು ಬೇರೆ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಇಲಾಖೆಯ ಮೂಲಕವೇ ಹೋಗಬೇಕು, ಇಲ್ಲವೇ ನಿರಾಕ್ಷೇಪಣಾ ಪತ್ರ ತರಬೇಕು. ಸಾರ್ವಜನಿಕ ಉದ್ದಿಮೆ ಮತ್ತು ಬ್ಯಾಂಕುಗಳಲ್ಲೂ ಅನೇಕ ಕಡೆ ಹೀಗೆಯೇ. ಅಲ್ಲಿ ಮುಚ್ಚಿಟ್ಟರೆ ಆಯ್ಕೆಗೇ ಕುತ್ತು ಬರಬಹುದು.

ಆಫರ್ ಹಂತಕ್ಕೆ ಬಂದಾಗ ಗುಟ್ಟು ಒಡೆಯುವ ಎರಡು ಜಾಗಗಳಿವೆ. ಒಂದು ಸಂಬಳದ ಚೀಟಿ. ಹೊಸ ಕಂಪನಿ ಸಾಮಾನ್ಯವಾಗಿ ಕೊನೆಯ ಮೂರು ತಿಂಗಳ ಪೇ ಸ್ಲಿಪ್ ಮತ್ತು ಫಾರಂ 16 ಕೇಳುತ್ತದೆ. ಅವಸರದಲ್ಲಿ ಮೂರನ್ನೂ ಆಫೀಸ್ ಮೇಲ್‌ನಿಂದ ಜಿಮೇಲ್‌ಗೆ ಒಟ್ಟಿಗೆ ಕಳಿಸಿಕೊಂಡರೆ, ಹೊರಗೆ ಹೋಗುವ ಕಡತಗಳನ್ನು ಗಮನಿಸುವ ವ್ಯವಸ್ಥೆ ಅದನ್ನು ಹಿಡಿದು ಸೂಚನೆ ಕಳಿಸಬಹುದು. ವೇತನದ ಪೋರ್ಟಲ್ ಸ್ವಂತ ಫೋನಿನಲ್ಲಿ ತೆರೆಯುವಂತಿದ್ದರೆ ತಿಂಗಳು ತಿಂಗಳೂ ಅಲ್ಲಿಂದಲೇ ಇಳಿಸಿಕೊಳ್ಳುವ ರೂಢಿ ಇಟ್ಟುಕೊಳ್ಳಿ. ಆಫೀಸಿನ ಬೇರಾವ ಕಡತವನ್ನೂ, ನೀವೇ ಬರೆದ ಕೋಡ್ ಆದರೂ, ಮಾದರಿಗೆಂದು ಹೊರಗೆ ಒಯ್ಯಬೇಡಿ. ಅದು ಹುಡುಕಾಟದ ಗುಟ್ಟಲ್ಲ, ಒಪ್ಪಂದದ ಉಲ್ಲಂಘನೆ.

ಎರಡನೆಯದು ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್. ಅದನ್ನು ನಡೆಸುವುದು ಹೆಚ್ಚಾಗಿ ಮೂರನೆಯ ಸಂಸ್ಥೆ. ಅವರ ಫಾರಂನಲ್ಲಿ ‘ಈಗಿನ ಮಾಲೀಕರನ್ನು ಈಗಲೇ ಸಂಪರ್ಕಿಸಬಹುದೇ’ ಎಂಬ ಪ್ರಶ್ನೆ ಸಾಮಾನ್ಯವಾಗಿ ಇರುತ್ತದೆ. ಅಲ್ಲಿ ‘ಇಲ್ಲ’ ಎಂದು ಗುರುತು ಹಾಕಿ, ರಾಜೀನಾಮೆ ಕೊಟ್ಟ ಮೇಲಿನ ಒಂದು ತಾರೀಖು ಬರೆಯಿರಿ. ರೆಫರೆನ್ಸ್‌ಗೆ ಹಿಂದಿನ ಕಂಪನಿಯ ಮ್ಯಾನೇಜರ್ ಹೆಸರು ಕೊಡಿ, ಅವರಿಗೆ ಮೊದಲೇ ಹೇಳಿಡಿ. ರೆಸ್ಯೂಮೆಯಲ್ಲಿ ತುಂಬಿದ ಆಫೀಸಿನ ದೂರವಾಣಿ ಸಂಖ್ಯೆಗಳನ್ನು ತೆಗೆಯಿರಿ.

ಸಹಿಯಾದ ಆಫರ್ ಲೆಟರ್ ನಿಮ್ಮ ಸ್ವಂತ ಇಮೇಲ್‌ಗೆ ಬಂದು, ಸಂಬಳ, ಹುದ್ದೆ, ಸೇರುವ ತಾರೀಖು ಮೂರೂ ಸರಿಯಿವೆ ಎಂದು ನೋಡಿಕೊಂಡ ಮೇಲಷ್ಟೇ ಪೇಪರ್ ಹಾಕಿ. ರಾಜೀನಾಮೆ ಮಾತ್ರ ಆಫೀಸಿನ ಇಮೇಲ್‌ನಿಂದಲೇ ಹೋಗಬೇಕು, ಇಲ್ಲವೇ ಎಚ್‌ಆರ್ ಪೋರ್ಟಲ್ ಮೂಲಕ. ನೋಟಿಸ್ ಪಿರಿಯಡ್ ಎಣಿಕೆ ಶುರುವಾಗುವುದು ಆ ತಾರೀಖಿನಿಂದ. ಕೊನೆಯ ದಿನ ಸಂಜೆಯ ಹೊತ್ತಿಗೆ ಆ ಪೆಟ್ಟಿಗೆ ಮುಚ್ಚಿಹೋಗುತ್ತದೆ. ಆದ್ದರಿಂದ ಅಷ್ಟರೊಳಗೆ ಭವಿಷ್ಯನಿಧಿ ಖಾತೆ, ಬ್ಯಾಂಕ್, ವಿಮೆ ಎಲ್ಲ ಕಡೆ ಸ್ವಂತ ವಿಳಾಸ ಕೊಟ್ಟಿರಿ, ರಿಲೀವಿಂಗ್ ಲೆಟರ್ ಮತ್ತು ಮುಂದಿನ ಫಾರಂ 16 ಯಾವ ವಿಳಾಸಕ್ಕೆ ಬರಬೇಕೆಂದು ಎಚ್‌ಆರ್‌ಗೆ ಬರೆದು ತಿಳಿಸಿರಿ.